ಟ್ರಾನ್ಸ್‌ಫಾರ್ಮರ್‌ಗೆ ಜನ್ಮದಿನಾಂಕ ತಿದ್ದುಪಡಿ

ಸರ್ಕಾರಿ ನೌಕರಿಯಲ್ಲಿ ವಯಸ್ಸು ಇಳಿಸಿಕೊಳ್ಳಲು ಹಿಂದೆ ಒಂದು ರಾಜಮಾರ್ಗವಿತ್ತು. ಊರ ಶಾಲೆಯ ಹೆಡ್‌ಮಾಸ್ತರರನ್ನು ಹಿಡಿದು ದಾಖಲಾತಿ ಪುಸ್ತಕದಲ್ಲಿ ಹುಟ್ಟಿದ ವರ್ಷ ತಿದ್ದಿಸುವುದು. ಹಾಗೆ ತಿದ್ದಿಸಿಕೊಂಡವರಲ್ಲಿ ತಮ್ಮನಿಗಿಂತ ಎರಡು ವರ್ಷ ಚಿಕ್ಕವರಾದ ಅಣ್ಣಂದಿರೂ ಇದ್ದರು. ನಾನು ಎಣ್ಣೆ ಪರೀಕ್ಷೆ ಮಾಡಿಕೊಡುತ್ತಿದ್ದ ಒಂದು ವಿದ್ಯುತ್ ಸ್ಟೇಷನ್ನಿನಲ್ಲಿ ಇದೇ ಉಪಕಾರವನ್ನು ಟ್ರಾನ್ಸ್‌ಫಾರ್ಮರ್‌ಗೂ ಮಾಡಿದರು. ಹೆಡ್‌ಮಾಸ್ತರರು ಬೇಕಾಗಲಿಲ್ಲ, ಮುಲ್ತಾನಿ ಮಿಟ್ಟಿ ಸಾಕಾಯಿತು.

ಟ್ರಾನ್ಸ್‌ಫಾರ್ಮರ್‌ನ ವಯಸ್ಸು ಇರುವುದು ಅದರ ತಾಮ್ರದಲ್ಲಲ್ಲ, ಕಬ್ಬಿಣದಲ್ಲೂ ಅಲ್ಲ. ವೈಂಡಿಂಗ್ ತಂತಿಗೆ ಸುತ್ತಿರುವ ಕಾಗದದಲ್ಲಿ. ಎಣ್ಣೆ ಕೆಟ್ಟರೆ ಬದಲಾಯಿಸಬಹುದು, ಬುಷಿಂಗ್ ಒಡೆದರೆ ಹೊಸದು ಹಾಕಬಹುದು. ಕಾಗದ ಮಾತ್ರ ಹುಟ್ಟುವಾಗ ಸುತ್ತಿದ್ದೇ ಕಡೆಯವರೆಗೆ. ಇದೇ ಇಲಾಖೆಯ ಕಪಾಟಿನಲ್ಲಿರುವ ಕಾಗದಕ್ಕೆ ಸಾವೇ ಇಲ್ಲ ಎನ್ನುವುದು ಬೇರೆ ಮಾತು.

ಕಾಗದವೆಂದರೆ ಸೆಲ್ಯುಲೋಸ್, ಅಂದರೆ ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಉದ್ದುದ್ದ ಸರ. ಒಂದು ಸರದಲ್ಲಿ ಸರಾಸರಿ ಎಷ್ಟು ಮಣಿ ಎನ್ನುವ ಲೆಕ್ಕಕ್ಕೆ ಡಿಪಿ ಎನ್ನುತ್ತಾರೆ. ಹೊಸ ಕಾಗದದಲ್ಲಿ ಅದು ಸಾವಿರದ ಆಸುಪಾಸು. ಬಿಸಿ, ತೇವ, ಎಣ್ಣೆಯ ಹುಳಿ ಮೂರೂ ಸೇರಿ ವರ್ಷಗಟ್ಟಲೆ ಸರವನ್ನು ಅಲ್ಲಲ್ಲಿ ಕತ್ತರಿಸುತ್ತ ಹೋಗುತ್ತವೆ. ಡಿಪಿ 200ಕ್ಕೆ ಬಂದಾಗ ಕಾಗದದ ಎಳೆತಾಳುವ ಬಲ ಮೊದಲಿನ ಐದರಲ್ಲೊಂದು ಪಾಲಿಗೆ ಇಳಿದಿರುತ್ತದೆ. ಅಲ್ಲಿಗೆ ನಿವೃತ್ತಿ. ಆದರೆ ಆ ಕಾಗದ ಆಗಲೂ ವಿದ್ಯುತ್ತನ್ನು ತಡೆದುಕೊಂಡೇ ನಿಂತಿರುತ್ತದೆ. ಆದ್ದರಿಂದ ಮಾಮೂಲಿ ವಿದ್ಯುತ್ ಪರೀಕ್ಷೆಗಳಿಗೆ ಅದರ ಮುಪ್ಪು ಸುಲಭಕ್ಕೆ ಕಾಣುವುದಿಲ್ಲ. ಯಾರೂ ತಳ್ಳದಿರುವವರೆಗೆ ನೆಟ್ಟಗೆ ನಿಂತಿರುವ ಗೆದ್ದಲು ತಿಂದ ಕಂಬದ ಹಾಗೆ.

ಡಿಪಿ ಅಳೆಯಬೇಕೆಂದರೆ ಕಾಗದದ ಚೂರು ಬೇಕು. ಅದನ್ನು ತಾಮ್ರದ ಒಂದು ದ್ರಾವಣದಲ್ಲಿ ಕರಗಿಸಿ, ಸಣ್ಣ ಗಾಜಿನ ಕೊಳವೆಯಲ್ಲಿ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ನೋಡುತ್ತೇವೆ. ಸರ ಉದ್ದವಿದ್ದರೆ ಗಂಜಿ ಗಟ್ಟಿ, ತುಂಡಾಗಿದ್ದರೆ ತಿಳಿ. ಒಮ್ಮೆ ಮೇಲಿನ ಕಚೇರಿಯಿಂದ ನನಗೆ ಪತ್ರ ಬಂತು: “ಟ್ಯಾಂಕ್ ತೆರೆಯದೆ, ಎಣ್ಣೆ ಇಳಿಸದೆ, ಲೈನ್ ಕ್ಲಿಯರ್ ಕೇಳದೆ, ವೈಂಡಿಂಗ್‌ನ ಮೇಲ್ತುದಿಯ ಕಾಗದದ ಮಾದರಿಯನ್ನು ಮೂರು ದಿನದೊಳಗೆ ಪಡೆಯತಕ್ಕದ್ದು.” ಲೈನ್ ಕ್ಲಿಯರ್ ಎಂದರೆ ಕರೆಂಟ್ ತೆಗೆದು ಕೆಲಸಕ್ಕೆ ಬಿಡುವ ಅನುಮತಿ. ರೋಗಿಗೆ ತಿಳಿಯದ ಹಾಗೆ ಮೂಳೆ ತೆಗೆಯಿರಿ ಎಂದಂತೆ. ನಾನು “ಪರಿಶೀಲಿಸಲಾಗುತ್ತಿದೆ” ಎಂದು ಬರೆದು ಕಳಿಸಿದೆ. ಅವರಿಗೆ ಬಹಳ ಸಮಾಧಾನವಾಯಿತು.

ಇಂಥ ಇಕ್ಕಟ್ಟಿಗೇ ಫರ್ಫ್ಯೂರಲ್ ಇರುವುದು. ಕಾಗದದ ಸರ ತುಂಡಾಗುವಾಗ ಹುಟ್ಟುವ ವಸ್ತು ಅದು, ಸ್ವಲ್ಪಸ್ವಲ್ಪವಾಗಿ ಎಣ್ಣೆಗೆ ಇಳಿಯುತ್ತದೆ. ತೊಲೆಗೆ ಹುಳು ಹಿಡಿದರೆ ಕೆಳಗೆ ಹುಡಿ ಉದುರುತ್ತದಲ್ಲ, ಹಾಗೆ. ತೊಲೆ ಕೊಯ್ದು ನೋಡದೆ ಹುಡಿ ನೋಡಿಯೇ ಒಳಗೆಷ್ಟು ಟೊಳ್ಳು ಎಂದು ಅಂದಾಜು ಮಾಡುವುದು. ಒಂದು ಸಿರಿಂಜ್ ಎಣ್ಣೆ ಸಾಕು, ಟ್ರಾನ್ಸ್‌ಫಾರ್ಮರ್ ಚಾಲೂ ಇರುವಾಗಲೇ ತೆಗೆಯಬಹುದು. ಚೆಂಡಾಂಗ್ ಹೆಸರಿನ ಸೂತ್ರ ಬಹಳ ಕಡೆ ಬಳಕೆಯಲ್ಲಿದೆ:

log10(2FAL) = 1.51 − 0.0035 × DP

2FAL ಎಂದರೆ ಎಣ್ಣೆಯ ಫರ್ಫ್ಯೂರಲ್, ಪಿಪಿಎಂ ಲೆಕ್ಕದಲ್ಲಿ. ನಮ್ಮ ಟ್ರಾನ್ಸ್‌ಫಾರ್ಮರ್ 20 ಎಂವಿಎ, 27 ವರ್ಷದ್ದು. ಎಣ್ಣೆಯಲ್ಲಿ 2.5 ಪಿಪಿಎಂ ಬಂತು. ಸೂತ್ರಕ್ಕೆ ಹಾಕಿದರೆ ಡಿಪಿ ಸುಮಾರು 318. ಇದೂ ಸರಾಸರಿ. ಅತಿ ಬಿಸಿಯಾಗುವ ಮೇಲಿನ ಸುತ್ತುಗಳ ಕಾಗದ ಇದಕ್ಕಿಂತ ಎಷ್ಟೋ ಮುಂಚೆ ಮುದಿಯಾಗಿರುತ್ತದೆ. ಹಾಗೆಂದೇ ವರದಿಯಲ್ಲಿ ಬರೆದು, ಲೋಡ್ ಇಳಿಸಿ, ಬದಲಿ ಹುಡುಕಿ ಎಂದೆ.

ಸಭೆ ಸೇರಿತು. ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ: “ಈ ಫರ್ಫ್ಯೂರಲ್ ಎಣ್ಣೇಲಿ ಇರೋದು ತಾನೆ?”

“ಹೌದು ಸಾರ್.”

“ಮತ್ತೆ ಎಣ್ಣೆ ಫಿಲ್ಟರ್ ಮಾಡ್ಸಿ. ಕಾಗದದ ಸುದ್ದಿ ಯಾಕ್ರೀ?”

ಮರುವಾರ ಯಂತ್ರ ಬಂತು. ಎಣ್ಣೆಯನ್ನು ಫುಲ್ಲರ್ಸ್ ಅರ್ತ್ ಮೂಲಕ ಹಾಯಿಸಿ ಹಾಯಿಸಿ ತೊಳೆದರು. ಫುಲ್ಲರ್ಸ್ ಅರ್ತ್ ಎಂದರೆ ಮದುವೆಗೆ ಮುಂಚೆ ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿಯೇ. ಎಣ್ಣೆಯ ಹುಳಿ, ಕೆಸರು, ಬಣ್ಣದ ಜೊತೆ ಫರ್ಫ್ಯೂರಲ್ಲನ್ನೂ ಅದು ಹೀರಿಕೊಳ್ಳುತ್ತದೆ. ಮರುಪರೀಕ್ಷೆಯಲ್ಲಿ 0.08 ಪಿಪಿಎಂ. ಸೂತ್ರದ ಪ್ರಕಾರ ಡಿಪಿ 745! ಅಶ್ವಿನಿ ದೇವತೆಗಳು ಚ್ಯವನ ಋಷಿಗೆ ಕೊಟ್ಟ ಯೌವನವನ್ನು ನಮ್ಮ ಕಂಟ್ರಾಕ್ಟರ್ ಲೀಟರ್ ಲೆಕ್ಕದಲ್ಲಿ ಬಿಲ್ ಮಾಡಿ ಕೊಟ್ಟ. ಎಣ್ಣೆ ಎಷ್ಟು ವೋಲ್ಟೇಜ್ ತಡೆಯುತ್ತದೆ ಎನ್ನುವ ಬಿಡಿವಿ 68 ಕೆವಿ ಬಂತು. ಸ್ಟೇಷನ್ನಿನಲ್ಲಿ ಮೈಸೂರು ಪಾಕ್ ಹಂಚಿದರು. ನಾನೂ ತಿಂದೆ.

ಎಣ್ಣೆ ತೊಳೆದದ್ದು ತಪ್ಪಲ್ಲ. ಹುಳಿ, ತೇವ ಹೋದರೆ ಕಾಗದ ಮುಂದೆ ನಿಧಾನಕ್ಕೆ ಸವೆಯುತ್ತದೆ. ಆದರೆ ಹುಡಿ ಗುಡಿಸಿದರೆ ತೊಲೆ ಚಿಗುರುವುದಿಲ್ಲ. ಅದೂ ಅಲ್ಲದೆ ಫರ್ಫ್ಯೂರಲ್‌ನ ಹೆಚ್ಚಿನ ಪಾಲು ಅಡಗಿರುವುದು ಕಾಗದದೊಳಗೇ. ಎಣ್ಣೆ ಚೊಕ್ಕವಾದರೆ ವಾರಗಳು, ತಿಂಗಳುಗಳಲ್ಲಿ ಅಲ್ಲಿಂದ ಮತ್ತೆ ಇಳಿದು ಬರುತ್ತದೆ. ಆದ್ದರಿಂದ ತೊಳೆಯುವ ಮುಂಚಿನ ಅಂಕಿಯನ್ನು ಕಳೆದುಕೊಳ್ಳದೆ, ಕೆಲವು ತಿಂಗಳು ಬಿಟ್ಟು ಹೊಸ ಅಂಕಿ ತೆಗೆದು, ಅಲ್ಲಿಂದ ಏರುವ ವೇಗ ನೋಡಬೇಕು. ತೊಳೆದ ಮರುದಿನದ ಎಣ್ಣೆಯನ್ನು ಸೂತ್ರಕ್ಕೆ ಹಾಕುವುದು, ಕೂದಲಿಗೆ ಬಣ್ಣ ಬಳಿದುಕೊಂಡು ಬಂದವನ ವಯಸ್ಸನ್ನು ಕೂದಲು ನೋಡಿ ಬರೆದ ಹಾಗೆ.

ಐದು ತಿಂಗಳಿಗೆ 0.9 ಪಿಪಿಎಂ ಬಂತು. ಡಿಪಿ 444.

“ನೋಡ್ರೀ,” ಅಂದರು ಸಾಹೇಬರು, “ಹೋದ ವರ್ಷ 318 ಇತ್ತು. ಈಗ 444. ಇಂಪ್ರೂವ್ ಆಗ್ತಾ ಇದೆ.”

“745 ಅಂತಲೂ ಒಂದು ಬಂದಿತ್ತಲ್ಲ ಸಾರ್?”

“ಅದು ಸ್ವಲ್ಪ ಜಾಸ್ತಿ ಆಯ್ತು ಅಂತ ನನಗೂ ಅನ್ನಿಸಿತ್ತು.”

ಹಳೆಯ 2.5ರ ವರದಿ ಎಲ್ಲಿ ಎಂದು ಕೇಳಿದೆ. ಅದು ಹಳೆಯ ಎಣ್ಣೆಗೆ ಸೇರಿದ್ದು, ಕಡತ ಮುಕ್ತಾಯವಾಗಿದೆ ಎಂದರು. ಟ್ರಾನ್ಸ್‌ಫಾರ್ಮರ್‌ನ ಹಿಸ್ಟರಿ ಪುಸ್ತಕ ಈಗ 0.08ರಿಂದ ಶುರುವಾಗುತ್ತದೆ, ಹೊಸ ಕೂಸಿನ ಜಾತಕದ ಹಾಗೆ.

ಬೇಸಿಗೆಯಲ್ಲಿ 11 ಕೆವಿ ಕರೆಂಟ್ ಹರಿಯುವ ಬಸ್‌ಬಾರ್ ಕಂಬಿಗಳ ಮೇಲೆ ಒಂದು ಅಳಿಲು ಓಡಿತು. ಶಾರ್ಟ್ ಸರ್ಕಿಟ್ ಆದಾಗ ವೈಂಡಿಂಗ್ ಸುರುಳಿಗಳು ಒಂದನ್ನೊಂದು ನೂಕಿ ಎಳೆದಾಡುತ್ತವೆ. ಗಟ್ಟಿ ಕಾಗದ ಅದನ್ನು ತಾಳಿಕೊಳ್ಳುತ್ತದೆ. ನಮ್ಮದು ತಾಳಲಿಲ್ಲ. ಟ್ಯಾಂಕ್ ತೆರೆದಾಗ ಮೇಲಿನ ಸುತ್ತುಗಳ ಕಾಗದ ಬೆರಳಿಗೆ ತಾಗಿದರೆ ಸಾಕು, ಸುಟ್ಟ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಫಾಲ್ಟಿನಲ್ಲಿ ಸುಡದೆ ಉಳಿದ ಜಾಗದಿಂದ ಒಂದಿಷ್ಟು ತಂದು ಡಿಪಿ ನೋಡಿದೆ, 190. ಕೊನೆಗೂ ಕಾಗದದ ಮಾದರಿ ಪಡೆದಂತಾಯಿತು, ಲೈನ್ ಕ್ಲಿಯರ್ ಕೇಳುವ ಗೊಡವೆಯೇ ಇರಲಿಲ್ಲ.

ತನಿಖಾ ಸಮಿತಿ ಎರಡೇ ಪುಟದಲ್ಲಿ ಕೆಲಸ ಮುಗಿಸಿತು. ಕಡೆಯ ಎಣ್ಣೆ ವರದಿಯಂತೆ ಕಾಗದದ ಡಿಪಿ 444 ಇದ್ದು ಸ್ಥಿತಿ ತೃಪ್ತಿಕರ. ವೈಫಲ್ಯಕ್ಕೆ ಕಾರಣ: ಅಳಿಲು. ನನ್ನ 190ರ ವರದಿಯನ್ನು, ಮಾದರಿಯನ್ನು ಟ್ರಾನ್ಸ್‌ಫಾರ್ಮರ್ ಸೇವೆಯಲ್ಲಿದ್ದಾಗ ಪಡೆದಿಲ್ಲವಾದ್ದರಿಂದ, ಪರಿಗಣಿಸಿಲ್ಲ.

ಬದಲಿ ಟ್ರಾನ್ಸ್‌ಫಾರ್ಮರ್ ಮೊನ್ನೆ ಬಂತು, ಬೇರೊಂದು ಸ್ಟೇಷನ್ನಿನಿಂದ. ನಾಮಫಲಕದ ಪ್ರಕಾರ 31 ವರ್ಷ. ಸ್ಯಾಂಪಲ್ ತೆಗೆಯಲು ಸಿರಿಂಜ್ ಹಿಡಿದು ಹೋದೆ. ಎಣ್ಣೆ ನೀರಿನಷ್ಟು ತಿಳಿಯಾಗಿತ್ತು. ಜೊತೆಗೆ ಬಂದ ಲೈನ್‌ಮನ್ ಬೀಡಿ ಆರಿಸಿ ಹೇಳಿದ, “ಸಾರ್, ಹೋದ ವಾರಾನೇ ಮಣ್ಣು ಹಾಕಿ ತೊಳ್ಸಿಯೇ ಕಳ್ಸಿದಾರೆ. ರಿಪೋರ್ಟ್ ಚೆನ್ನಾಗೇ ಬರ್ತದೆ.”