ಕೂಸು ಸಿಕ್ಕಿತು, ದುಡ್ಡು ಕೇಳಬೇಡಿ

ಶಿರಸಿ ಸೀಮೆಯಲ್ಲಿ ಅಡಿಕೆ ತೋಟದ ಮಾಣಿಗೆ ಮದುವೆಗೆ ಕೂಸು ಹುಡುಕುವುದು ಕಷ್ಟ ಎನ್ನುವವರು, ಕೂಸು ಸಿಕ್ಕಮೇಲೆ ವಧೂವರರ ಜಾಲತಾಣದಿಂದ ಮಿಕ್ಕ ತಿಂಗಳುಗಳ ದುಡ್ಡು ವಾಪಸ್ ಕೇಳಿ ನೋಡಿಲ್ಲ.

ಆರು ತಿಂಗಳ ಪ್ಲಾನಿಗೆ 5,000 ರೂಪಾಯಿ, ಮೇಲೆ ಜಿಎಸ್‌ಟಿ ಶೇಕಡಾ 18ರಂತೆ 900, ಒಟ್ಟು 5,900 ಎಂದಿಟ್ಟುಕೊಳ್ಳಿ. ಎರಡು ತಿಂಗಳಾಗುವಷ್ಟರಲ್ಲಿ ಯಲ್ಲಾಪುರದ ಕಡೆಯ ಉಪನಯನದ ಪಂಕ್ತಿಯಲ್ಲಿ, ತಾಣಕ್ಕೆ ಸಂಬಂಧವೇ ಇಲ್ಲದ ಸಂಬಂಧ ಕುದುರಿತು. ಅಪ್ಪಯ್ಯ ಉಳಿದ ನಾಲ್ಕು ತಿಂಗಳಿಗೆ 3,933 ರೂಪಾಯಿ ಬರಬೇಕೆಂದು ಕ್ಯಾಲೆಂಡರಿನ ಮೇಲೆ ಬರೆದಿಟ್ಟರು. ಬರುವುದು ಸೊನ್ನೆ. ದುಡ್ಡು ಕಟ್ಟುವಾಗ ಓದದೆ ಒಪ್ಪಿದ ಷರತ್ತಿನಲ್ಲಿ ಸಾಮಾನ್ಯವಾಗಿ ‘ಶುಲ್ಕ ಮರಳಿಸುವುದಿಲ್ಲ’ ಎಂದೇ ಇರುತ್ತದೆ. ಇದರ ಹಿಂದಿನ ತರ್ಕಕ್ಕೆ ತಾಳಮದ್ದಲೆಯ ಅರ್ಥಧಾರಿಗಳೂ ತಲೆಬಾಗಬೇಕು. ಕೂಸು ಸಿಕ್ಕರೆ ಸೇವೆ ಫಲಿಸಿತು, ಹಾಗಾಗಿ ದುಡ್ಡಿಲ್ಲ. ಸಿಗದಿದ್ದರೆ ನಾವು ಮದುವೆಯ ಖಾತರಿ ಕೊಟ್ಟಿರಲಿಲ್ಲ, ಹಾಗಾಗಿಯೂ ದುಡ್ಡಿಲ್ಲ! ಬ್ಯಾಂಕಿಗೆ ದೂರು ಕೊಟ್ಟರೆ ನೀವು ತಾಣದಲ್ಲಿ ತೆರೆದು ನೋಡಿದ ಫೋನ್ ನಂಬರುಗಳ ಪಟ್ಟಿ, ಸೇವೆ ಬಳಸಿದ್ದಕ್ಕೆ ಪುರಾವೆಯಾಗಿ ಬಂದೀತು.

ಆದ್ದರಿಂದ ಹೋದದ್ದಕ್ಕಿಂತ ಮುಂದೆ ಹೋಗುವುದನ್ನು ನೋಡಿಕೊಳ್ಳಿ. ಮದುವೆ ಮುಗಿದು, ಸೊಸೆ ಮನೆಗೆ ಬಂದ ಮೇಲೂ ತಾಣ ಮಾಣಿಗೆ ಕೂಸು ಹುಡುಕುತ್ತಲೇ ಇರಬಹುದು. ಪ್ಲಾನ್ ಮುಗಿದಾಗ ತಾನಾಗಿ ಮತ್ತೆ ದುಡ್ಡು ಕಡಿತವಾಗುವ ಈ ಏರ್ಪಾಡಿಗೆ ಆಟೋಪೇ ಎನ್ನುತ್ತಾರೆ. ಮೊಬೈಲಿನಿಂದ ಆ್ಯಪ್ ಕಿತ್ತು ಹಾಕಿದರೆ ಅದು ನಿಲ್ಲುವುದಿಲ್ಲ. ಪ್ರೊಫೈಲ್ ಅಳಿಸಿದರೂ ನಿಂತಿತೆಂದು ನಂಬಬೇಡಿ. ಮೊದಲು ರಸೀದಿಯ, ಪ್ಲಾನ್ ಮುಗಿಯುವ ದಿನದ ಸ್ಕ್ರೀನ್‌ಶಾಟ್ ತೆಗೆದಿಡಿ. ಯುಪಿಐ ಮೂಲಕ ಕಟ್ಟಿದ್ದರೆ ಅದೇ ಯುಪಿಐ ಆ್ಯಪಿನ ಆಟೋಪೇ ವಿಭಾಗಕ್ಕೆ ಹೋಗಿ ಅನುಮತಿ ರದ್ದು ಮಾಡಿ. ಪ್ಲೇ ಸ್ಟೋರ್ ಮೂಲಕವಾದರೆ ಅಲ್ಲಿಯ Payments & subscriptions ತೆರೆದು ರದ್ದು ಮಾಡಿ. ಹೀಗೆ ತಾನಾಗಿ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಆ ಸಂದೇಶ ಲೋನ್ ಆಫರುಗಳ ನಡುವೆ ಬಂದು ಕೂತಿರುತ್ತದೆ, ಹುಡುಕಿ. ಪ್ರೊಫೈಲ್ ಅಳಿಸುವುದು ಕೊನೆಗೆ. ಮೊದಲೇ ಅಳಿಸಿದರೆ ಒಳಹೋಗಿ ರಸೀದಿ ತೆಗೆಯುವ ದಾರಿಯೇ ಮುಚ್ಚಬಹುದು.

ದುಡ್ಡು ಬರುವ ಸಂದರ್ಭಗಳೂ ಇವೆ. ಒಂದೇ ಪ್ಲಾನಿಗೆ ಎರಡು ಬಾರಿ ಕಡಿತವಾದರೆ, ರದ್ದು ಮಾಡಿದ ಮೇಲೂ ಕಡಿತವಾದರೆ, ‘ನಿಮಗಾಗಿಯೇ ಒಬ್ಬ ಮ್ಯಾನೇಜರ್’ ಎಂದು ದುಬಾರಿ ಪ್ಲಾನ್ ಮಾರಿ ಆ ಮ್ಯಾನೇಜರ್ ಒಮ್ಮೆಯೂ ಫೋನ್ ಮಾಡದಿದ್ದರೆ ಪಟ್ಟು ಹಿಡಿಯಬಹುದು. ದಿನಾಂಕ ಸಮೇತ ಮೊದಲು ತಾಣಕ್ಕೆ ಇಮೇಲ್ ಬರೆಯಿರಿ. ಉತ್ತರ ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ. ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ. ಆನ್‌ಲೈನಿನಲ್ಲೇ ಸಲ್ಲಿಸಬಹುದಾದ್ದರಿಂದ ಅರ್ಜಿ ಕೊಡಲು ದೇವಿಮನೆ ಘಟ್ಟ ಇಳಿಯಬೇಕಾಗಿಲ್ಲ.

ಪ್ರೊಫೈಲ್ ಅಳಿಸುವಾಗ ಕಾರಣ ಕೇಳುತ್ತಾರೆ. ‘ನಿಮ್ಮ ತಾಣದಿಂದಲೇ ಮದುವೆಯಾಯಿತು’ ಎಂಬುದನ್ನು ದಾಕ್ಷಿಣ್ಯಕ್ಕೆ ಒತ್ತಬೇಡಿ. ಒತ್ತಿದರೆ 3,933 ಹೋದದ್ದಲ್ಲದೆ, ಜಾಹೀರಾತಿಗೆ ಮದುಮಕ್ಕಳ ಫೋಟೋವನ್ನೂ ಕೇಳುತ್ತಾರೆ, ಅದೂ ಬಿಟ್ಟಿಯಾಗಿ.