ನೋವಿನ ದಾರಿ ತಿಳಿದ ಮೇಲೂ ಉಳಿಯುವ ಪ್ರಶ್ನೆ

“ನೀರು ಎಂದರೆ H₂O ಎಂದು ತಿಳಿದ ಹಾಗೆ, ಮಿದುಳಿನ ಕೆಲಸವೆಲ್ಲ ತಿಳಿದರೆ ಅನುಭವವೂ ತಿಳಿದಂತೆ ಅಲ್ಲವೇ?”

ಆ ಹೋಲಿಕೆಯೇ ಇಲ್ಲಿ ಕೈಕೊಡುತ್ತದೆ. ಬಿಸಿ ಪಾತ್ರೆಗೆ ಬೆರಳು ತಾಗಿತು ಎನ್ನಿ. ಚರ್ಮ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದಾಗ ನರತುದಿಯ ಟಿಆರ್‌ಪಿವಿ1 ಎಂಬ ಪ್ರೋಟೀನ್ ತೆರೆದುಕೊಂಡು ಸಂಕೇತ ಹೊರಡುತ್ತದೆ. ಬೆನ್ನುಹುರಿಯ ಮಟ್ಟದಲ್ಲೇ ಕೈ ಹಿಂದಕ್ಕೆ ಸರಿಯುತ್ತದೆ. ಎ-ಡೆಲ್ಟಾ ನರತಂತುಗಳು ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಸುದ್ದಿ ಒಯ್ದರೆ, ಸಿ ತಂತುಗಳದು ಸುಮಾರು 1 ಮೀಟರ್ ಅಷ್ಟೇ. ಮೊದಲು ಚುರುಕ್ಕೆನ್ನುವ ನೋವು, ಆಮೇಲೆ ಉರಿ ಬರುವುದು ಇದರಿಂದಲೇ. ಎಷ್ಟು ಸೊಗಸಾದ ವಿವರಣೆ!

ಆದರೆ ಅದು ವಿವರಿಸಿದ್ದು ಏನನ್ನು? ಕೈ ಸರಿಯುವುದನ್ನು, ನೋವಿನ ಕ್ರಮವನ್ನು, ಅಂತರವನ್ನು. ಉರಿಯು ಉರಿಯಂತೆಯೇ ಅನಿಸುವುದೇಕೆ, ಏನಾದರೂ ಅನಿಸುವುದೇ ಏಕೆ ಎಂಬುದು ಹಾಗೇ ಉಳಿಯಿತು. ನೀರಿನ ದ್ರವತ್ವ ಎಂದರೆ ಅಣುಗಳು ಒಂದರ ಮೇಲೊಂದು ಜಾರುವ ವರ್ತನೆ. ಆ ವರ್ತನೆ ವಿವರಿಸಿದರೆ ಕೇಳಲು ಇನ್ನೇನೂ ಇರುವುದಿಲ್ಲ. ನೋವಿನಲ್ಲಿ ವರ್ತನೆಯೆಲ್ಲ ಮುಗಿದ ಮೇಲೂ ಪ್ರಶ್ನೆ ಮುಗಿಯುವುದಿಲ್ಲ. ತತ್ವಜ್ಞಾನಿ ಜೋಸೆಫ್ ಲೆವಿನ್ 1983ರಲ್ಲಿ ಇದನ್ನೇ ವಿವರಣೆಯ ಕಂದಕ ಎಂದರು. ಇನ್ನೊಬ್ಬ ತತ್ವಜ್ಞಾನಿ ಡೇವಿಡ್ ಚಾಮರ್ಸ್ 1995ರ ಲೇಖನದಲ್ಲಿ ಇದಕ್ಕೆ ‘ಕಠಿಣ ಸಮಸ್ಯೆ’ ಎಂದು ಹೆಸರಿಟ್ಟರು.

ಇದರಿಂದ ಮನಸ್ಸು ಮಿದುಳಿಗಿಂತ ಬೇರೆಯೆಂದು ಸಾಬೀತಾಯಿತು ಎಂದು ಹಲವರು ಆತುರಪಡುತ್ತಾರೆ, ಅದು ತಪ್ಪು. ಲೆವಿನ್ ತೋರಿಸಿದ ಕಂದಕ ನಮ್ಮ ತಿಳಿವಳಿಕೆಯಲ್ಲಿರುವುದು. ಅದು ಜಗತ್ತಿನಲ್ಲೇ ಇದೆ ಎನ್ನಲು ಇನ್ನೊಂದು ವಾದ ಬೇಕು, ಚಾಮರ್ಸ್ ಕಟ್ಟಲು ಹೊರಟದ್ದು ಅದನ್ನು.