ಎಮ್ಮೆಗೆ ಬರೆ, ಬಿಲ್ಲೂ ಎಮ್ಮೆಯದೇ

ಪರಿಚಯದ ಸ್ಟೇಷನರಿ ಅಂಗಡಿಯವರೊಬ್ಬರು ಮೊನ್ನೆ ತಮಗೆ ತಾವೇ ಬಿಲ್ ಬರೆದುಕೊಳ್ಳುತ್ತಿದ್ದರು. ಪಕ್ಕದ ಸ್ಟೂಲಿನಲ್ಲಿ ಕೂತು ನಾನೂ ನೋಡಿದೆ. ಬಿಲ್ ಕೊಡುವವರು ಅವರೇ, ಇಸಕೊಳ್ಳುವವರೂ ಅವರೇ, ಕೆಳಗೆ ಸಹಿಯೂ ಅವರದೇ. ಮಾರಿದವರ ಜಾಗದಲ್ಲಿ ಮಾತ್ರ ಕಟ್ಟಡದ ಮಾಲೀಕರ ಹೆಸರು. ಅವರು ರಿಟೈರ್ಡ್ ಮೇಷ್ಟ್ರು. ಹೀಗೊಂದು ಬಿಲ್ ತಮ್ಮ ಹೆಸರಲ್ಲಿ ಹುಟ್ಟುತ್ತಿದೆ ಅನ್ನುವುದೇ ಅವರಿಗೆ ಗೊತ್ತಿಲ್ಲ.

"ಏನ್ ಸಾರ್ ಇದು?" ಅಂದೆ.

"ಸೆಲ್ಫ್ ಇನ್‌ವಾಯ್ಸ್. ತಡೀರಿ, ಇನ್ನೂ ಮುಗಿದಿಲ್ಲ. ಬಾಡಿಗೆ ಕೊಟ್ಟ ದಿನ ಪೇಮೆಂಟ್ ವೋಚರ್ ಅಂತ ಇನ್ನೊಂದು ಬರೀಬೇಕು."

ಇದೇ ರಿವರ್ಸ್ ಚಾರ್ಜ್. ಮಾರುವವನು ತೆರಿಗೆ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವುದು ಮಾಮೂಲಿ ದಾರಿ. ಇಲ್ಲಿ ಕೊಳ್ಳುವವನೇ ನೇರವಾಗಿ ಕಟ್ಟಬೇಕು. ಮೇಷ್ಟ್ರ ವರ್ಷದ ವರಮಾನ 20 ಲಕ್ಷದ ಹತ್ತಿರಕ್ಕೂ ಬರುವುದಿಲ್ಲ, ಹಾಗಾಗಿ ಜಿಎಸ್‌ಟಿ ನೋಂದಣಿ ಇಲ್ಲ. ಸಣ್ಣವರಿಗೆ ತೊಂದರೆ ಬೇಡ ಅಂತ ಕಾನೂನೇ ಅವರನ್ನು ಬಿಟ್ಟಿದೆ. ಎಂಥಾ ಕರುಣೆ! ಆದರೆ 2024ರ ಅಕ್ಟೋಬರ್ 10ರಿಂದ ಅದೇ ಕರುಣೆ ಬಾಡಿಗೆದಾರನ ಕಡೆ ತಿರುಗಿದೆ. ನೋಂದಣಿ ಇಲ್ಲದವರ ಮಳಿಗೆಯಲ್ಲಿ ನೋಂದಣಿ ಇರುವವನು ಕೂತರೆ, ಶೇ. 18ನ್ನು ಕೂತವನೇ ಕಟ್ಟಬೇಕು.

ಬಾಡಿಗೆ 20,000. ತೆರಿಗೆ 3,600. ಸರಕು ಕೊಳ್ಳುವಾಗ ಕಟ್ಟಿದ ತೆರಿಗೆ ಅಂಗಡಿಯವರ ಕ್ರೆಡಿಟ್ ಲೆಡ್ಜರಿನಲ್ಲಿ ಲಕ್ಷ ರೂಪಾಯಿ ಕೊಳೆಯುತ್ತಿದ್ದರೂ ಅದರಿಂದ ಕಟ್ಟುವ ಹಾಗಿಲ್ಲ. ಬ್ಯಾಂಕಿನಿಂದಲೇ ದುಡ್ಡು ಹೋಗಬೇಕು. ಕಟ್ಟಿದ ಮೇಲೆ ಅದೇ ರಿಟರ್ನಿನಲ್ಲಿ, ಒಂದು ಟೇಬಲಿನಲ್ಲಿ "ಕಟ್ಟಿದೆ" ಅಂತ ತೋರಿಸಿ, ಇನ್ನೊಂದರಲ್ಲಿ "ಕ್ರೆಡಿಟ್ ತಗೊಂಡೆ" ಅಂತ ತೋರಿಸಬಹುದು. ಆ ಕ್ರೆಡಿಟ್ಟು ಪೆನ್ನು ಮಾರಿದ ತೆರಿಗೆಗೆ ವಜಾ. ಅಂದರೆ ಬಲಗೈಯಿಂದ ಎಡಗೈಗೆ ಕೊಟ್ಟು ರಸೀದಿ ಬರೆದ ಹಾಗೆ. ವ್ಯಾಪಾರ ಚೆನ್ನಾಗಿದ್ದರೆ ಸರ್ಕಾರಕ್ಕೆ ಸಿಕ್ಕಿದ್ದು ಸೊನ್ನೆ, ಕಾಗದ ಎರಡು. ಬಿಲ್ ಬರೆಯಲು 30 ದಿನದ ಗಡುವು ಬೇರೆ.

ಸುಮ್ನೆ ಬೈಯುವುದು ಬೇಡ, ಈ ಪದ್ಧತಿ ಹುಟ್ಟಿದ್ದಕ್ಕೆ ಕಾರಣ ಇದೆ. ಯುರೋಪಿನಲ್ಲಿ ಒಂದು ಕಾಲಕ್ಕೆ ಮೊಬೈಲ್ ಫೋನು ಹೀಗೇ ಓಡಾಡುತ್ತಿತ್ತು. ಒಬ್ಬ ಪಕ್ಕದ ದೇಶದಿಂದ ತೆರಿಗೆ ಇಲ್ಲದೆ ತರಿಸುವುದು, ಇನ್ನೊಬ್ಬನಿಗೆ ತೆರಿಗೆ ಸೇರಿಸಿ ಮಾರುವುದು, ಆ ತೆರಿಗೆ ಸಮೇತ ಪರಾರಿ. ಕೊಂಡವನು ಮಾತ್ರ ಕಟ್ಟಿದ ತೆರಿಗೆಗೆ ಕ್ರೆಡಿಟ್ ಕೇಳುತ್ತಿದ್ದ. ಬ್ರಿಟನ್ 2007ರಲ್ಲಿ ಫೋನು, ಕಂಪ್ಯೂಟರ್ ಚಿಪ್ಪಿಗೆ ರಿವರ್ಸ್ ಚಾರ್ಜ್ ಹಾಕಿತು. ತೆರಿಗೆ ಮಾರುವವನ ಕೈಗೇ ಬರದಿದ್ದರೆ ಏನು ಹೊತ್ತುಕೊಂಡು ಓಡುತ್ತಾನೆ? ಒಳ್ಳೆ ಉಪಾಯ. ಅಲ್ಲಿ ಮಧ್ಯದಲ್ಲಿ ಕಳ್ಳ ಇದ್ದ. ಇಲ್ಲಿ ಮೇಷ್ಟ್ರು ಇದ್ದಾರೆ. ಮಂಡಿ ನೋವಿಗೆ ಮೆಟ್ಟಿಲೇ ಹತ್ತಲಾರರು, ಪರಾರಿ ಎಲ್ಲಿಂದ ಆಗುತ್ತಾರೆ?

ನಮ್ಮಲ್ಲಿನ ಲೆಕ್ಕ ಬೇರೆ. ಸಾವಿರಾರು ಮೇಷ್ಟ್ರುಗಳ ಬೆನ್ನು ಹತ್ತುವುದಕ್ಕಿಂತ, ಆಗಲೇ ರಿಟರ್ನ್ ಹಾಕುತ್ತಿರುವವನ ಕೊರಳಪಟ್ಟಿ ಹಿಡಿಯುವುದು ಸುಲಭ. ಹೆಲ್ಮೆಟ್ ಇಲ್ಲದವನು ತಪ್ಪಿಸಿಕೊಂಡರೆ ಹೆಲ್ಮೆಟ್ ಹಾಕಿದವನನ್ನು ನಿಲ್ಲಿಸುವ ಜಾಣತನ.

ಇಷ್ಟೇ ಆಗಿದ್ದರೆ ನಕ್ಕು ಬಿಡುತ್ತಿದ್ದೆ. ಕಾಂಪೊಸಿಷನ್ ಸ್ಕೀಮಿನವರ ಕಥೆ ಕೇಳಿ. ಸಣ್ಣ ವ್ಯಾಪಾರಿಗೆ ರಗಳೆ ಬೇಡ, ವಹಿವಾಟಿನ ಶೇ. 1 ಕಟ್ಟಿ ಆರಾಮಾಗಿರು ಅನ್ನುವ ಸ್ಕೀಮು. ಅವರಿಗೆ ಕ್ರೆಡಿಟ್ ಇಲ್ಲ. ವರ್ಷಕ್ಕೆ 40 ಲಕ್ಷ ವ್ಯಾಪಾರ ಮಾಡುವವನ ತೆರಿಗೆ 40,000. ಅದೇ 20,000 ಬಾಡಿಗೆಯ ಮೇಲಿನ ರಿವರ್ಸ್ ಚಾರ್ಜ್ ವರ್ಷಕ್ಕೆ 43,200, ಒಂದು ಪೈಸೆಯೂ ವಾಪಸ್ ಬರುವುದಿಲ್ಲ. ವ್ಯಾಪಾರದ ತೆರಿಗೆಗಿಂತ ಕೂತ ಜಾಗದ ತೆರಿಗೆಯೇ ಜಾಸ್ತಿ!

ತಪ್ಪು ಗೊತ್ತಾಯಿತು. 2025ರ ಜನವರಿ 16ರಿಂದ ಅವರನ್ನು ಬಿಟ್ಟರು. ಮಧ್ಯದ ಮೂರು ತಿಂಗಳು? ಅದಕ್ಕೊಂದು ಸುತ್ತೋಲೆ ಬಂತು: "ಆಸ್ ಈಸ್ ವೇರ್ ಈಸ್". ಗುಜರಿ ಹರಾಜಿನ ಭಾಷೆ ಅದು. ಇದ್ದದ್ದು ಇದ್ದ ಹಾಗೆ, ಇದ್ದಲ್ಲೇ. ಕಟ್ಟದವರನ್ನು ಕೇಳುವುದಿಲ್ಲ, ಕಟ್ಟಿದವರಿಗೆ ವಾಪಸ್ ಕೊಡುವುದಿಲ್ಲ.

ಇದರಲ್ಲಿ ತಮಾಷೆ ಮಾಡಲು ನನಗೆ ಏನೂ ಉಳಿದಿಲ್ಲ. ಹೆದರಿ, ಆಡಿಟರನ್ನು ಕೇಳಿ, ಸಾಲ ಮಾಡಿ ಗಡುವಿನೊಳಗೆ ಕಟ್ಟಿದವನು ದಡ್ಡ. ಯಾರು ನೋಡ್ತಾರೆ ಬಿಡು ಅಂದವನು ಬುದ್ಧಿವಂತ. ಹಾಗಂತ ಸರ್ಕಾರವೇ ಬರೆದು ಕೊಟ್ಟಿದೆ. ಈ ಸ್ಟೇಷನರಿಯವರ ತಮ್ಮನದು ಕಾಂಪೊಸಿಷನ್ ಅಂಗಡಿ. ಮೂರು ತಿಂಗಳಿಗೆ 10,800 ಕಟ್ಟಿದ. ಪಕ್ಕದ ಮಳಿಗೆಯವನು ಕಟ್ಟಲೇ ಇಲ್ಲ.

"ಈಗ ಸಿಕ್ಕಾಗಲೆಲ್ಲ ಅವನು ನಗ್ತಾನಂತೆ ಸಾರ್," ಅಂದರು ಅಂಗಡಿಯವರು. ಆಮೇಲೆ ತಮ್ಮ ಬಿಲ್ಲಿಗೆ ಸೀಲು ಒತ್ತಿ, ಒಂದು ಪ್ರತಿ ಹರಿದು, ತಮ್ಮದೇ ಫೈಲಿಗೆ ಹಾಕಿಕೊಂಡರು.